ದೊನ್ನೆಗೆ ಬೀಳುವ ಖರ್ಚು, ಕೈಗೆ ಸೇರುವ ಹಣ

ಬೆಂಗಳೂರಿನಲ್ಲಿ ಒಬ್ಬರು ರಾತ್ರಿ ಎಂಟೂವರೆಗೆ ಮೊಬೈಲ್ ಆ್ಯಪ್ ತೆರೆದು 250 ರೂಪಾಯಿಯ ಚಿಕನ್ ದೊನ್ನೆ ಬಿರಿಯಾನಿ ಆರ್ಡರ್ ಮಾಡುತ್ತಾರೆ. ಅದನ್ನು ಬೇಯಿಸಿ, ಕಟ್ಟಿ, ಡೆಲಿವರಿ ಹುಡುಗನ ಕೈಗೆ ಕೊಟ್ಟ ಅಡುಗೆಮನೆಗೆ ಆ ಒಂದು ದೊನ್ನೆಯ ಬಾಬ್ತು ಕೊನೆಗೆ ಬಂದು ಸೇರುವುದು 150 ರೂಪಾಯಿಯ ಆಸುಪಾಸು. ಉಳಿದ 100 ರೂಪಾಯಿ ರಿಯಾಯಿತಿ, ಕಮಿಷನ್, ಕಮಿಷನ್ ಮೇಲಿನ ಜಿಎಸ್‌ಟಿ, ಆ್ಯಪ್‌ನೊಳಗಿನ ಜಾಹೀರಾತು ಎಂದು ದಾರಿಯಲ್ಲೇ ಕಳೆದಿರುತ್ತದೆ. ಹೊಸದಾಗಿ ಅಡುಗೆಮನೆ ತೆರೆಯುವವರು ಬರೆದುಕೊಳ್ಳುವ ಯೋಜನೆಯಲ್ಲಿ ಮಾತ್ರ ಲಾಭದ ಲೆಕ್ಕ ಬಹುತೇಕ ಆ 250ರ ಮೇಲೆಯೇ ನಿಂತಿರುತ್ತದೆ.

ಕೂತು ಉಣ್ಣಲು ಮೇಜು-ಕುರ್ಚಿ ಇಲ್ಲದೆ, ಪಾರ್ಸೆಲ್‌ಗಾಗಿಯೇ ಅಡುಗೆ ಮಾಡುವ ಜಾಗಕ್ಕೆ ಕ್ಲೌಡ್ ಕಿಚನ್ ಎನ್ನುತ್ತಾರೆ. ಮುಖ್ಯರಸ್ತೆಯ ಅಂಗಡಿ ಬೇಡ, ಸಪ್ಲೈಯರ್ ಬೇಡ, ಒಳಾಲಂಕಾರ ಬೇಡ. ಒಳರಸ್ತೆಯ ಒಂದು ಮಳಿಗೆ, ಎರಡು ಒಲೆ, ಒಂದು ಫ್ರೀಜರ್, ಇಬ್ಬರು ಮೂವರು ಕೆಲಸಗಾರರು ಇದ್ದರೆ ಸಾಕು. ಹೋಟೆಲಿಗಿಂತ ಖರ್ಚು ಕಡಿಮೆ ಎನ್ನುವುದು ನಿಜ. ಆದರೆ ಹೋಟೆಲಿನವರು ಬಾಡಿಗೆಗೆ ಕೊಡುವ ಹಣದ ಒಂದು ಭಾಗವನ್ನು ಇಲ್ಲಿ ಕಮಿಷನ್ ರೂಪದಲ್ಲಿ ಪ್ರತಿ ಆರ್ಡರ್ ಮೇಲೆ ಕೊಡಬೇಕು. ಹಾಗಾಗಿ ಹೋಟೆಲ್ ವ್ಯಾಪಾರದಲ್ಲಿ ನಡೆಯುವ ಲೆಕ್ಕದ ರೂಢಿಯನ್ನು ಇದ್ದಹಾಗೆ ತಂದು ಇಲ್ಲಿ ಹಾಕಿದರೆ ಲೆಕ್ಕ ತಪ್ಪುತ್ತದೆ.

ಆ ರೂಢಿ ಎಂದರೆ ಫುಡ್ ಕಾಸ್ಟ್ ಶೇಕಡಾವಾರು. ಒಂದು ತಿಂಡಿಗೆ ಹಾಕಿದ ಪದಾರ್ಥದ ಖರ್ಚನ್ನು ಮಾರಾಟದ ಬೆಲೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಅದು ಸಿಗುತ್ತದೆ. 30 ರೂಪಾಯಿ ಸಾಮಾನು ಹಾಕಿ 100 ರೂಪಾಯಿಗೆ ಮಾರಿದರೆ ಶೇ 30. ಹೋಟೆಲ್ ಉದ್ಯಮದಲ್ಲಿ ಇದು ಶೇ 28ರಿಂದ 35ರೊಳಗೆ ಇದ್ದರೆ ಒಳ್ಳೆಯದು ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಲೆಕ್ಕ ಸುಲಭ. ಕಷ್ಟವಿರುವುದು ಭಾಗಿಸುವ ಎರಡೂ ಅಂಕಿಗಳನ್ನು ಸರಿಯಾಗಿ ಕಂಡುಹಿಡಿಯುವುದರಲ್ಲಿ: ಸಾಮಾನಿನ ಖರ್ಚು ನಿಜಕ್ಕೂ ಎಷ್ಟು, ಮಾರಾಟದ ಬೆಲೆ ಎಂದರೆ ಯಾವ ಬೆಲೆ?

ಇದನ್ನು ಒಂದು ಉದಾಹರಣೆಯ ಮೂಲಕ ಕೊನೆಯವರೆಗೂ ಲೆಕ್ಕ ಹಾಕಿ ನೋಡಬಹುದು. ಕುಷ್ಕ, ಚಿಕನ್ ಬಿರಿಯಾನಿ, ಮಟನ್ ಬಿರಿಯಾನಿ ಈ ಮೂರನ್ನೇ ಮಾಡುವ ಸಣ್ಣದೊಂದು ದೊನ್ನೆ ಬಿರಿಯಾನಿ ಕಿಚನ್ ಬೆಂಗಳೂರಿನಲ್ಲಿ ತೆರೆಯಬೇಕಿದೆ ಎಂದುಕೊಳ್ಳೋಣ. ಇಲ್ಲಿ ಕೊಟ್ಟಿರುವ ದರಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು. ಊರು, ಋತು, ಒಪ್ಪಂದಕ್ಕೆ ತಕ್ಕಂತೆ ಅವು ಬದಲಾಗುತ್ತವೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಒಂದು ಹಂಡೆ, ನಲವತ್ತು ದೊನ್ನೆ

ಬಿರಿಯಾನಿಯನ್ನು ಯಾರೂ ಒಂದೊಂದು ಪ್ಲೇಟಾಗಿ ಬೇಯಿಸುವುದಿಲ್ಲ. ಆದ್ದರಿಂದ ಖರ್ಚಿನ ಲೆಕ್ಕ ಹಂಡೆಯಿಂದ ಆರಂಭವಾಗಬೇಕು. ಒಂದು ಹಂಡೆಗೆ 5 ಕೆಜಿ ಜೀರಾ ಸಾಂಬಾ ಅಕ್ಕಿ, 6 ಕೆಜಿ ಚರ್ಮ ತೆಗೆದ ಕೋಳಿ ಎಂದು ಇಟ್ಟುಕೊಂಡರೆ, ಉಳಿದ ಸಾಮಾನು ಅದಕ್ಕೆ ತಕ್ಕಂತೆ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದು ಹೀಗೆ ಕಾಣುತ್ತದೆ:

- ಅಕ್ಕಿ 5 ಕೆಜಿ, ಕೆಜಿಗೆ 120ರಂತೆ: 600 ರೂಪಾಯಿ
- ಕೋಳಿ 6 ಕೆಜಿ, ಕೆಜಿಗೆ 240ರಂತೆ: 1,440
- ಈರುಳ್ಳಿ 1.7 ಕೆಜಿ, ಕೆಜಿಗೆ 40ರಂತೆ: 68
- ಪುದೀನಾ, ಕೊತ್ತಂಬರಿ ಸೊಪ್ಪು: 120
- ಹಸಿಮೆಣಸಿನಕಾಯಿ: 20
- ಶುಂಠಿ, ಬೆಳ್ಳುಳ್ಳಿ: 95
- ಮೊಸರು 1 ಕೆಜಿ: 70
- ಎಣ್ಣೆ, ತುಪ್ಪ: 201
- ಚಕ್ಕೆ, ಲವಂಗ, ಏಲಕ್ಕಿ, ಮರಾಠಿ ಮೊಗ್ಗು: 110
- ಉಪ್ಪು, ನಿಂಬೆಹಣ್ಣು: 36

ಒಟ್ಟು 2,760 ರೂಪಾಯಿ. ಅಕ್ಕಿ ಬೆಂದಾಗ ಎರಡೂವರೆ ಪಟ್ಟಿಗಿಂತ ಹೆಚ್ಚು ತೂಗುತ್ತದೆ, ಕೋಳಿ ಬೆಂದಾಗ ಕಾಲು ಭಾಗಕ್ಕೂ ಹೆಚ್ಚು ತೂಕ ಕಳೆದುಕೊಳ್ಳುತ್ತದೆ. ಹೀಗೆ ಹಂಡೆಯಲ್ಲಿ ಸುಮಾರು 18 ಕೆಜಿ ಬಿರಿಯಾನಿ ಸಿಗುತ್ತದೆ ಎನ್ನೋಣ. ದೊನ್ನೆಗೆ 450 ಗ್ರಾಂ ಹಾಕಿದರೆ 40 ದೊನ್ನೆ, ದೊನ್ನೆಗೆ 69 ರೂಪಾಯಿ. ಜೊತೆಗೆ ಕೊಡುವ ಮೊಸರು ಬಜ್ಜಿಗೆ ಮತ್ತು ಶೇರ್ವಾಕ್ಕೆ 9 ರೂಪಾಯಿ. ತಳ ಹಿಡಿದದ್ದು, ಚೆಲ್ಲಿದ್ದು, ರಾತ್ರಿ ಮಿಕ್ಕಿದ್ದು ಎಂದು ಶೇ 4ರಷ್ಟು ನಷ್ಟ ಹಿಡಿದರೆ ಇನ್ನು 3 ರೂಪಾಯಿ. ಒಟ್ಟು 81. ಇದು ದೊನ್ನೆಯೊಳಗಿನ ಪದಾರ್ಥದ ನಿಜವಾದ ಖರ್ಚು.

ಈ ಪಟ್ಟಿಯಲ್ಲಿ ಈರುಳ್ಳಿ 1.7 ಕೆಜಿ ಎಂದಿರುವುದನ್ನು ಗಮನಿಸಬೇಕು. ಹಂಡೆಗೆ ಬೇಕಿರುವುದು ಒಂದೂವರೆ ಕೆಜಿ. ಸಿಪ್ಪೆ, ಬುಡ, ಕೊಳೆತ ಪದರ ಎಂದು ನೂರರಲ್ಲಿ ಹತ್ತು ಹನ್ನೆರಡು ಭಾಗ ಕಸದ ಬುಟ್ಟಿಗೆ ಹೋಗುತ್ತದೆ, ಅದಕ್ಕೂ ದುಡ್ಡು ಕೊಟ್ಟೇ ತಂದಿರುತ್ತೇವೆ. ಸೊಪ್ಪಿನ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಮಾರುಕಟ್ಟೆಯಿಂದ ತಂದ ಪುದೀನಾ ಕಟ್ಟನ್ನು ತಕ್ಕಡಿಗೆ ಹಾಕಿ ತೂಕ ಬರೆದುಕೊಂಡು, ಎಲೆ ಬಿಡಿಸಿ, ದಂಟು, ಬೇರು, ಹಳದಿ ಎಲೆ ತೆಗೆದು ಮತ್ತೆ ತೂಗಿದರೆ ಅರ್ಧದಷ್ಟೂ ಉಳಿಯದಿರುವುದುಂಟು. ಮಳೆಗಾಲದಲ್ಲಿ ಕಟ್ಟು ನೀರು ಕುಡಿದು ತೂಗುತ್ತದೆ, ಮಾರನೇ ದಿನಕ್ಕೆ ಒಳಗಿನಿಂದ ಕಪ್ಪಾಗುತ್ತದೆ. ದೊನ್ನೆ ಬಿರಿಯಾನಿಯ ಹಸಿರು ಬಣ್ಣ, ಘಮ ಎರಡೂ ಈ ಸೊಪ್ಪಿನಿಂದಲೇ ಬರುವುದರಿಂದ ಅದನ್ನು ಕಡಿಮೆ ಮಾಡುವಂತಿಲ್ಲ. ಹಾಗಾಗಿ ಪಾಕದ ಚೀಟಿಯಲ್ಲಿ "ಪುದೀನಾ ನಾಲ್ಕು ಕಟ್ಟು" ಎಂದು ಬರೆಯುವ ಬದಲು, ಬಿಡಿಸಿದ ಎಲೆ ಇಷ್ಟು ಗ್ರಾಂ ಎಂದು ಬರೆಯಬೇಕು. ಕಟ್ಟು ಸಣ್ಣದಾದ ದಿನ ಎಷ್ಟು ಕಟ್ಟು ತರಬೇಕು, ಖರ್ಚು ಎಷ್ಟು ಏರಿತು ಎರಡೂ ಆಗ ಗೊತ್ತಾಗುತ್ತದೆ.

ಕೋಳಿಯಲ್ಲೂ ಇದೇ ಮಾತು. ಅಂಗಡಿಯ ಬೋರ್ಡಿನಲ್ಲಿ ಜೀವಂತ ಕೋಳಿಗೆ ಒಂದು ದರ, ಚರ್ಮ ಸಹಿತಕ್ಕೆ ಒಂದು, ಚರ್ಮರಹಿತಕ್ಕೆ ಇನ್ನೊಂದು ದರ ಇರುತ್ತದೆ. ಜೀವಂತ ಕೋಳಿ ಕೆಜಿಗೆ 150 ರೂಪಾಯಿ ಎಂದು ಕಂಡರೆ ಅಗ್ಗ ಎನ್ನಿಸುತ್ತದೆ. ಗರಿ, ಚರ್ಮ, ಕರುಳು ಕಳೆದು ಸುಮಾರು ಶೇ 65ರಷ್ಟು ಮಾಂಸ ಉಳಿದರೆ, ಆ ಮಾಂಸದ ಬೆಲೆ ಕೆಜಿಗೆ 231 ರೂಪಾಯಿ ಬೀಳುತ್ತದೆ. 240ಕ್ಕೆ ಶುಚಿ ಮಾಡಿ ತುಂಡು ಮಾಡಿದ ಮಾಂಸವೇ ಸಿಗುವಾಗ, 9 ರೂಪಾಯಿ ಉಳಿಸಲು ಕೂಲಿಯನ್ನೂ ಸಮಯವನ್ನೂ ಕಳೆಯಬೇಕೇ ಎಂದು ಆಗ ಯೋಚಿಸಬಹುದು. ಬೆಲೆಗಳನ್ನು ಹೋಲಿಸುವುದಾದರೆ ಹಂಡೆಗೆ ಬೀಳುವ ತೂಕದ ಮೇಲೆ ಹೋಲಿಸಬೇಕು, ಚೀಲದಲ್ಲಿ ಬಂದ ತೂಕದ ಮೇಲಲ್ಲ.

ಇನ್ನೊಂದು ಸೋರಿಕೆ ಸೌಟಿನಲ್ಲಿದೆ. 450 ಗ್ರಾಂ ಎಂದು ಚೀಟಿಯಲ್ಲಿ ಬರೆದಿದ್ದರೂ ಭಟ್ಟರು ಕಣ್ಣಳತೆಯಲ್ಲಿ ಹಾಕುತ್ತಾರೆ. "ದೊನ್ನೆ ಖಾಲಿ ಕಾಣ್ಸುತ್ತೆ ಸಾರ್, ಇರ್ಲಿ ಬಿಡಿ" ಎಂದು ಇನ್ನರ್ಧ ಸೌಟು ಬೀಳುತ್ತದೆ. ಹೀಗೆ ದೊನ್ನೆಗೆ 500 ಗ್ರಾಂ ಆದರೆ 18 ಕೆಜಿಯಲ್ಲಿ 40ರ ಬದಲು 36 ದೊನ್ನೆ ಮಾತ್ರ ಸಿಗುತ್ತವೆ. 69 ರೂಪಾಯಿ ಇದ್ದ ಖರ್ಚು ಸುಮಾರು 77ಕ್ಕೆ ಏರುತ್ತದೆ. ಇದಕ್ಕೆ ಭಟ್ಟರನ್ನು ಬೈದು ಪ್ರಯೋಜನವಿಲ್ಲ. ಕಟ್ಟುವ ಮೇಜಿನ ಮೇಲೆ ಒಂದು ಡಿಜಿಟಲ್ ತಕ್ಕಡಿ ಇಟ್ಟು, ದೊನ್ನೆಯನ್ನು ಅದರ ಮೇಲಿಟ್ಟೇ ತುಂಬಿಸಬೇಕು. ಖಾಲಿ ಕಾಣುವುದು ನಿಜವಾದರೆ ದೊನ್ನೆಯ ಅಳತೆ ಬದಲಿಸಬೇಕು.

ಭಾಗಿಸಬೇಕಾದ ಅಂಕಿ ಯಾವುದು?

ಖರ್ಚು ಸಿಕ್ಕಿತು, 81 ರೂಪಾಯಿ. ಮೆನುವಿನ ಬೆಲೆ 250. ಭಾಗಿಸಿದರೆ ಶೇ 32.4. ರೂಢಿಯ ಪ್ರಕಾರ ಇದು ಒಳ್ಳೆಯ ಅಂಕಿ. ಯೋಜನೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ಪೆನ್ನು ಮುಚ್ಚುತ್ತಾರೆ.

ಈಗ ಆ 250 ರೂಪಾಯಿಯ ಹಿಂದೆ ಹೋಗೋಣ. ಹೊಸ ಅಡುಗೆಮನೆಯತ್ತ ಗ್ರಾಹಕರ ಕಣ್ಣು ಬೀಳಬೇಕಾದರೆ ಆ್ಯಪ್‌ನಲ್ಲಿ ರಿಯಾಯಿತಿ ಕೊಡಬೇಕಾಗುತ್ತದೆ. ಅಡುಗೆಮನೆಯ ಪಾಲಿಗೆ ಸರಾಸರಿ ಶೇ 10 ಬಂದರೆ 25 ರೂಪಾಯಿ ಹೋಗಿ 225 ಉಳಿಯುತ್ತದೆ. ಆ 225ರ ಮೇಲೆ ಕಮಿಷನ್ ಮತ್ತು ಹಣ ಪಾವತಿ ಶುಲ್ಕ ಸೇರಿ ಶೇ 25 ಎಂದು ಹಿಡಿದರೆ 56 ರೂಪಾಯಿ ಚಿಲ್ಲರೆ. ಈ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಅದು 10 ರೂಪಾಯಿ. ಪಟ್ಟಿಯಲ್ಲಿ ಮೇಲೆ ಕಾಣಿಸಿಕೊಳ್ಳಲು ಮಾರಾಟದ ಶೇ 4ರಷ್ಟನ್ನು ಜಾಹೀರಾತಿಗೆ ತೆಗೆದಿಟ್ಟರೆ 9 ರೂಪಾಯಿ. ಕೊನೆಗೆ ಕೈಗೆ ಸೇರುವುದು 150 ರೂಪಾಯಿ.

ಜಿಎಸ್‌ಟಿ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 2022ರ ಜನವರಿ 1ರಿಂದ ಆ್ಯಪ್ ಮೂಲಕ ಮಾರಾಟವಾಗುವ ಹೋಟೆಲ್ ಊಟದ ಮೇಲಿನ ಶೇ 5 ತೆರಿಗೆಯನ್ನು ಗ್ರಾಹಕರಿಂದ ಪಡೆದು ಸರ್ಕಾರಕ್ಕೆ ಕಟ್ಟುವ ಹೊಣೆ ಆ್ಯಪ್ ಕಂಪನಿಯದೇ. ಬಿಲ್ಲಿನಲ್ಲಿ ಕಾಣುವ ಆ ಶೇ 5 ಅಡುಗೆಮನೆಯ ಹಣವಲ್ಲ, ಆದ್ದರಿಂದ ಅದನ್ನು ಮಾರಾಟಕ್ಕೆ ಸೇರಿಸಿಕೊಳ್ಳಬಾರದು. ಜೊತೆಗೆ ಈ ಶೇ 5ರ ಪದ್ಧತಿಯಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಅಂದರೆ ಕಮಿಷನ್ ಮೇಲೆ ಕೊಟ್ಟ ಶೇ 18, ಡಬ್ಬಿ, ಮಸಾಲೆ, ಗ್ಯಾಸ್ ಮೇಲೆ ಕೊಟ್ಟ ತೆರಿಗೆ ಯಾವುದೂ ವಾಪಸ್ ಸಿಗುವುದಿಲ್ಲ. ಅದೆಲ್ಲ ಖರ್ಚೇ. ಸಾಮಾನಿನ ದರ ಬರೆಯುವಾಗ ತೆರಿಗೆ ಸೇರಿದ ದರವನ್ನೇ ಬರೆಯಬೇಕು.

ಈಗ ಅದೇ 81 ರೂಪಾಯಿಯನ್ನು ಮೂರು ಅಂಕಿಗಳಿಂದ ಭಾಗಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೆನು ಬೆಲೆ 250ರ ಮೇಲೆ ಶೇ 32. ರಿಯಾಯಿತಿ ಕಳೆದ 225ರ ಮೇಲೆ ಶೇ 36. ಕೈಗೆ ಬಂದ 150ರ ಮೇಲೆ ಶೇ 54. ಬಿರಿಯಾನಿ ಒಂದೇ, ಖರ್ಚು ಒಂದೇ. ಮೂರೂ ಶೇಕಡಾವಾರುಗಳು ಗಣಿತದ ಪ್ರಕಾರ ಸರಿಯೇ. ಬೇರೆ ಹೋಟೆಲುಗಳ ಜೊತೆ, ಹಿಂದಿನ ತಿಂಗಳ ಜೊತೆ ಹೋಲಿಸಿ ನೋಡಲು ಮಧ್ಯದ ಅಂಕಿ, ಅಂದರೆ ರಿಯಾಯಿತಿ ಕಳೆದ ಮಾರಾಟದ ಮೇಲಿನ ಶೇ 36, ಒಳ್ಳೆಯ ಅಳತೆ. ಆದರೆ ಬಾಡಿಗೆ, ಸಂಬಳ ಕೊಡಲು ಹಣ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರಿಸಲು ಕೊನೆಯದೊಂದೇ ಯೋಗ್ಯ.

ಡಬ್ಬಿಯ ಖರ್ಚನ್ನು ಇಲ್ಲಿಯವರೆಗೆ ಬೇಕೆಂದೇ ಹೊರಗಿಟ್ಟಿದ್ದೇವೆ. ಹೋಟೆಲಿನಲ್ಲಿ ತಟ್ಟೆ ತೊಳೆದು ಮತ್ತೆ ಬಳಸುತ್ತಾರೆ, ಕ್ಲೌಡ್ ಕಿಚನ್‌ನಲ್ಲಿ ಪ್ರತಿ ಊಟಕ್ಕೂ ಹೊಸ ಪಾತ್ರೆ. ಮುಚ್ಚಳವಿರುವ ದೊನ್ನೆಗೆ 7 ರೂಪಾಯಿ, ಬಜ್ಜಿ ಮತ್ತು ಶೇರ್ವಾದ ಎರಡು ಪುಟ್ಟ ಕಪ್ಪಿಗೆ 3, ಚೀಲ, ಚಮಚ, ಟಿಶ್ಯೂ, ಅಂಟುಚೀಟಿಗೆ 4, ಒಟ್ಟು 14 ರೂಪಾಯಿ. ಇದನ್ನು ಫುಡ್ ಕಾಸ್ಟ್‌ನೊಳಗೆ ಸೇರಿಸದೆ ಪ್ರತ್ಯೇಕ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ಕೋಳಿ ದುಬಾರಿಯಾಯಿತೋ ಡಬ್ಬಿ ದುಬಾರಿಯಾಯಿತೋ ಎಂಬುದು ಆಗ ಬೇರೆ ಬೇರೆಯಾಗಿ ಕಾಣುತ್ತದೆ. ಆದರೆ ಆ ಸಾಲನ್ನು ಮರೆಯುವಂತಿಲ್ಲ.

150ರಲ್ಲಿ 81 ಮತ್ತು 14 ಕಳೆದರೆ ಉಳಿಯುವುದು 55 ರೂಪಾಯಿ. ಈ ಇಡೀ ಯೋಜನೆಯಲ್ಲಿ ಅತ್ಯಂತ ಮುಖ್ಯವಾದ ಅಂಕಿ ಇದೇ.

ಐವತ್ತೈದು ರೂಪಾಯಿ ಎಷ್ಟು ದೂರ ಹೋಗುತ್ತದೆ

ತಿಂಗಳ ಖರ್ಚು ಹೀಗಿದೆ ಎನ್ನೋಣ: ಬಾಡಿಗೆ 20,000, ಭಟ್ಟರು ಮತ್ತು ಸಹಾಯಕರ ಸಂಬಳ 45,000, ಗ್ಯಾಸ್ 9,000, ವಿದ್ಯುತ್ ಮತ್ತು ನೀರು 6,000, ದುರಸ್ತಿ, ಶುಚಿತ್ವ, ಫೋನ್, ಲೆಕ್ಕಪತ್ರ ಎಂದು 8,000. ಒಟ್ಟು 88,000. ದೊನ್ನೆಗೆ 55 ಉಳಿದರೆ ಇದನ್ನು ತುಂಬಲು ತಿಂಗಳಿಗೆ 1,600 ದೊನ್ನೆ, ದಿನಕ್ಕೆ 53-54 ದೊನ್ನೆ ಮಾರಬೇಕು. ಒಂದು ದಿನವೂ ರಜೆಯಿಲ್ಲ. ಇದರಲ್ಲಿ ಮಾಲೀಕರಿಗೆ ಒಂದು ರೂಪಾಯಿಯೂ ಬಂದಿಲ್ಲ. ಅವರು ತಮಗೆ 25,000 ಬೇಕು ಎಂದರೆ ದಿನಕ್ಕೆ 68-69 ದೊನ್ನೆ ಆಗಬೇಕು. ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದ ಅಂಕಿ ಇದು. "ಫುಡ್ ಕಾಸ್ಟ್ ಶೇ 32" ಎಂಬ ಸಾಲು ಇದನ್ನು ಹೇಳುವುದಿಲ್ಲ.

ಉಳಿಕೆ ಇಷ್ಟು ತೆಳುವಾಗಿರುವಾಗ ಬೆಲೆ ಮತ್ತು ರಿಯಾಯಿತಿಯ ಸಣ್ಣ ಬದಲಾವಣೆಯೂ ದೊಡ್ಡದಾಗುತ್ತದೆ. ಮೇಲಿನ ಒಪ್ಪಂದದಲ್ಲಿ ಮೆನುವಿನ ಪ್ರತಿ 100 ರೂಪಾಯಿಯಲ್ಲಿ ಹೆಚ್ಚೂಕಡಿಮೆ 60 ರೂಪಾಯಿ ಕೈಗೆ ಬರುತ್ತದೆ. ಆದ್ದರಿಂದ ಬೆಲೆ ನಿಗದಿಯನ್ನು ಹಿಂದಿನಿಂದ ಮುಂದಕ್ಕೆ ಮಾಡಬಹುದು. ದೊನ್ನೆಗೆ 70 ರೂಪಾಯಿ ಉಳಿಯಬೇಕು ಎಂದರೆ, ಪದಾರ್ಥ 81, ಡಬ್ಬಿ 14, ಉಳಿಕೆ 70, ಒಟ್ಟು 165. ಇದನ್ನು 0.60ರಿಂದ ಭಾಗಿಸಿದರೆ 275. ಅಂದರೆ ಬೆಲೆ 250ರಿಂದ 275ಕ್ಕೆ ಏರಿದರೆ, ದಿನಕ್ಕೆ 53ರ ಬದಲು 42 ದೊನ್ನೆ ಮಾರಿದರೂ 88,000 ತುಂಬುತ್ತದೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ವ್ಯಾಪಾರ ಮಂದವಾಗಿದೆ ಎಂದು ಬೆಲೆಯನ್ನು 250ರಲ್ಲೇ ಇಟ್ಟು ರಿಯಾಯಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದರೆ, ಕೈಗೆ ಬರುವುದು 133, ಉಳಿಯುವುದು 38. ಆಗ ಅದೇ 88,000ಕ್ಕೆ ದಿನಕ್ಕೆ 77 ದೊನ್ನೆ ಬೇಕು. ರಿಯಾಯಿತಿಯಿಂದ ಆರ್ಡರ್ ಹೆಚ್ಚಿತು ಎಂದು ಖುಷಿಪಡುವ ಮೊದಲು 53 ಇದ್ದದ್ದು 77 ಆಯಿತೇ ಎಂದು ನೋಡಬೇಕು. 65 ಆಗಿದ್ದರೆ ಕೆಲಸ ಹೆಚ್ಚಾಗಿದೆ, ಹಣ ಕಡಿಮೆಯಾಗಿದೆ.

ಕಡಿಮೆ ಶೇಕಡಾ, ಹೆಚ್ಚು ಲಾಭವೇ?

ಇನ್ನು ಮೆನುವಿನ ಇತರ ಎರಡು ತಿನಿಸು. ಕುಷ್ಕದ ಬೆಲೆ 140, ಪದಾರ್ಥದ ಖರ್ಚು 38. ಮಟನ್ ಬಿರಿಯಾನಿಯ ಬೆಲೆ 420. ಮಟನ್ ಕೆಜಿಗೆ 800ರಂತೆ ದೊನ್ನೆಗೆ 150 ಗ್ರಾಂ ಹಾಕಿದರೆ ಅದರ ಪದಾರ್ಥದ ಖರ್ಚು 169. ಶೇ 10 ರಿಯಾಯಿತಿ ಕಳೆದ ಮಾರಾಟದ ಮೇಲೆ ಲೆಕ್ಕ ಹಾಕಿದರೆ ಕುಷ್ಕದ ಫುಡ್ ಕಾಸ್ಟ್ ಶೇ 30, ಚಿಕನ್‌ನದು ಶೇ 36, ಮಟನ್‌ನದು ಶೇ 45. ಶೇಕಡಾವಾರನ್ನೇ ನಂಬುವವರು ಕುಷ್ಕವನ್ನು ಮುಂದಿಟ್ಟು ಮಟನ್ ಅನ್ನು ಮೆನುವಿನಿಂದ ತೆಗೆಯಲು ಹೊರಡುತ್ತಾರೆ.

ರೂಪಾಯಿಯ ಲೆಕ್ಕ ಬೇರೆಯೇ ಹೇಳುತ್ತದೆ. ಕಮಿಷನ್, ಜಾಹೀರಾತು, ಡಬ್ಬಿ ಎಲ್ಲ ಕಳೆದ ಮೇಲೆ ಕುಷ್ಕದಲ್ಲಿ ಉಳಿಯುವುದು 32 ರೂಪಾಯಿ, ಚಿಕನ್‌ನಲ್ಲಿ 55, ಮಟನ್‌ನಲ್ಲಿ 68. ಮೂರನ್ನೂ ಕಟ್ಟಿಕೊಡಲು ಬೇಕಾದ ಶ್ರಮ, ಸಮಯ, ಡಬ್ಬಿ ಹೆಚ್ಚೂಕಡಿಮೆ ಒಂದೇ. ಬಾಡಿಗೆ ಕೊಡುವುದು ರೂಪಾಯಿಯಲ್ಲೇ ಹೊರತು ಶೇಕಡಾದಲ್ಲಿ ಅಲ್ಲ.

ಹೋಟೆಲ್ ಆಡಳಿತದ ಅಧ್ಯಯನದಲ್ಲಿ ಈ ವಾದಕ್ಕೆ ನಾಲ್ಕು ದಶಕ ಮೀರಿದ ಇತಿಹಾಸವಿದೆ. 1980ರಲ್ಲಿ ಅಮೆರಿಕದ ಜ್ಯಾಕ್ ಮಿಲ್ಲರ್ ಒಂದು ತಿನಿಸಿನ ಮಾರಾಟ ಎಷ್ಟು, ಅದರ ಫುಡ್ ಕಾಸ್ಟ್ ಶೇಕಡಾವಾರು ಎಷ್ಟು ಎಂದು ಎರಡನ್ನೂ ಜೋಡಿಸಿ ಮೆನುವನ್ನು ನಾಲ್ಕು ಮನೆಗಳಾಗಿ ವಿಂಗಡಿಸಿದರು. 1982ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಮೈಕೆಲ್ ಕಸವಾನ ಮತ್ತು ಡೊನಾಲ್ಡ್ ಸ್ಮಿತ್ ಮೆನು ಎಂಜಿನಿಯರಿಂಗ್ ಎಂಬ ಪದ್ಧತಿ ತಂದರು. ಅವರು ಶೇಕಡಾವಾರನ್ನು ಬದಿಗಿಟ್ಟು, ಪ್ರತಿ ತಿನಿಸಿನಲ್ಲಿ ಉಳಿಯುವ ಹಣವನ್ನು ಅಳತೆಯಾಗಿ ಹಿಡಿದರು. ಚೆನ್ನಾಗಿ ಮಾರಾಟವಾಗಿ ಹೆಚ್ಚು ಹಣ ಉಳಿಸುವ ತಿನಿಸು ಸ್ಟಾರ್. ಚೆನ್ನಾಗಿ ಮಾರಾಟವಾದರೂ ಕಡಿಮೆ ಉಳಿಸುವುದು ಪ್ಲೌಹಾರ್ಸ್, ನೇಗಿಲಿಗೆ ಕಟ್ಟಿದ ಕುದುರೆ. ಹೆಚ್ಚು ಉಳಿಸಿದರೂ ಮಾರಾಟವಾಗದ್ದು ಪಜಲ್. ಎರಡೂ ಇಲ್ಲದ್ದು ಡಾಗ್. ಇಂದಿಗೂ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಇದನ್ನು ಪಾಠ ಮಾಡುತ್ತಾರೆ.

ಹಾಗೆಂದು ಮಟನ್ ಬಿರಿಯಾನಿಯೊಂದನ್ನೇ ಮಾರುತ್ತೇನೆ ಎನ್ನುವುದೂ ಜಾಣತನವಲ್ಲ. 40 ದೊನ್ನೆ ಮಟನ್‌ನಲ್ಲಿ 10 ಮಾರಾಟವಾಗದೆ ಉಳಿದರೆ 1,690 ರೂಪಾಯಿಯ ಪದಾರ್ಥ ಹಾಳು. ಅದನ್ನು ತುಂಬಲು ಇನ್ನು 25 ದೊನ್ನೆಯ ಉಳಿಕೆ ಬೇಕು, ಅಂದರೆ ಮಾರಾಟವಾದ 30ರ ಗಳಿಕೆಯ ಬಹುಪಾಲು ಅಲ್ಲೇ ಕರಗುತ್ತದೆ. ಕುಷ್ಕ ಉಳಿದರೆ ನಷ್ಟ ಸಣ್ಣದು. ಆದ್ದರಿಂದ ಮಟನ್ ಅನ್ನು ಸಣ್ಣ ಹಂಡೆಯಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ ಮಾಡುವುದು, ಕುಷ್ಕದ ಜೊತೆ ಕಬಾಬ್ ಸೇರಿಸಿ ಒಂದು ಕಾಂಬೊ ಮಾಡಿ ಆರ್ಡರ್ ಮೊತ್ತ ಏರಿಸುವುದು, ಇವು ರೂಪಾಯಿ ಲೆಕ್ಕದಿಂದ ಹುಟ್ಟುವ ತೀರ್ಮಾನಗಳು.

ಕಾಗದದ ಲೆಕ್ಕ, ಗೋಡೌನಿನ ಲೆಕ್ಕ

ಇಷ್ಟೆಲ್ಲ ಲೆಕ್ಕ ಪಾಕದ ಚೀಟಿಯ ಮೇಲೆ ನಿಂತಿದೆ. ಎಲ್ಲವೂ ಚೀಟಿಯಲ್ಲಿ ಬರೆದಂತೆ ನಡೆದರೆ ಬರುವ ಅಂಕಿ ಅದು. ನಿಜವಾಗಿ ಎಷ್ಟು ಸಾಮಾನು ಖರ್ಚಾಯಿತು ಎಂದು ತಿಳಿಯಲು ಕಪಾಟು, ಫ್ರೀಜರ್ ತೆರೆದು ತೂಗಬೇಕು. ತಿಂಗಳ ಮೊದಲ ದಿನದ ದಾಸ್ತಾನಿಗೆ ತಿಂಗಳ ಖರೀದಿ ಸೇರಿಸಿ, ಕೊನೆಯ ದಿನದ ದಾಸ್ತಾನು ಕಳೆದರೆ ಬಳಕೆ ಸಿಗುತ್ತದೆ.

ಲೆಕ್ಕ ಸುಲಭವಾಗಲೆಂದು ನಮ್ಮ ಕಿಚನ್ ಒಂದು ತಿಂಗಳಲ್ಲಿ ಚಿಕನ್ ಬಿರಿಯಾನಿಯೊಂದನ್ನೇ 1,600 ದೊನ್ನೆ ಮಾರಿತು ಎಂದುಕೊಳ್ಳೋಣ. ರಿಯಾಯಿತಿ ಕಳೆದ ಮಾರಾಟ 3,60,000. ಆರಂಭದ ದಾಸ್ತಾನು 22,000, ಖರೀದಿ 1,47,000, ಕೊನೆಯ ದಾಸ್ತಾನು 25,000. ಬಳಕೆ 1,44,000, ಅಂದರೆ ಶೇ 40. ಚೀಟಿ ಹೇಳಿದ್ದು ಶೇ 36. ನಾಲ್ಕು ಅಂಶದ ಈ ವ್ಯತ್ಯಾಸ ಕೇಳಲು ಸಣ್ಣದು, ಹಣದಲ್ಲಿ 14,400 ರೂಪಾಯಿ. ತಿಂಗಳ ಬಾಡಿಗೆಯ ಮುಕ್ಕಾಲು ಭಾಗಕ್ಕೆ ಹತ್ತಿರ.

ಇದು ಎಲ್ಲಿ ಹೋಯಿತು ಎಂದು ಹುಡುಕಲು ಪ್ರತಿಯೊಂದು ಸಾಮಾನಿನ ಹಿಂದೆ ಬೀಳಬೇಕಿಲ್ಲ. ಈ ಬಿರಿಯಾನಿಯಲ್ಲಿ ಕೋಳಿ ಮತ್ತು ಅಕ್ಕಿ ಎರಡೇ ಹಂಡೆಯ ಖರ್ಚಿನ ಮುಕ್ಕಾಲು ಭಾಗ. 1,600 ದೊನ್ನೆಗೆ ಚೀಟಿಯ ಪ್ರಕಾರ 240 ಕೆಜಿ ಕೋಳಿ, 200 ಕೆಜಿ ಅಕ್ಕಿ ಬೇಕು. ನಿಜವಾಗಿ ಎರಡೂ ಹೆಚ್ಚು ಹೋಗಿದ್ದರೆ ಸೌಟಿನಲ್ಲಿ ಸೋರಿಕೆಯಿದೆ, ಇಲ್ಲವೇ ರಾತ್ರಿ ಹಂಡೆಯಲ್ಲಿ ಮಿಕ್ಕದ್ದು ಬರೆಯದೆ ಹೋಗಿದೆ. ಅಕ್ಕಿ ಸರಿಯಿದ್ದು ಕೋಳಿ ಮಾತ್ರ ಹೆಚ್ಚು ಹೋಗಿದ್ದರೆ ಅಂಗಡಿಯವರು ಕಳಿಸಿದ ತೂಕ ಕಡಿಮೆಯಿರಬಹುದು, ಐಸ್ ನೀರು ಸೇರಿ ತೂಗಿರಬಹುದು, ಫ್ರೀಜರ್‌ನಲ್ಲಿ ಹಾಳಾಗಿರಬಹುದು, ಕಳವೂ ಆಗಿರಬಹುದು. ಕೋಳಿ ಬಂದ ಕೂಡಲೇ ನೀರು ಬಸಿದು ತೂಗಿ ಬರೆಯುವ ಅಭ್ಯಾಸವಿದ್ದರೆ ಮೊದಲ ಎರಡು ಸಂಶಯ ಅಲ್ಲೇ ತೀರುತ್ತವೆ. ಕೆಲಸಗಾರರ ಊಟ, ದೂರು ಬಂದಾಗ ಮತ್ತೆ ಕಳಿಸಿದ ಆರ್ಡರ್ ಇವೆರಡಕ್ಕೂ ಬೇರೆ ಪುಸ್ತಕ ಇರಬೇಕು. ಅವು ನ್ಯಾಯವಾದ ಖರ್ಚೇ, ಆದರೆ ಬರೆಯದಿದ್ದರೆ ಕಳ್ಳತನದಂತೆ ಕಾಣುತ್ತವೆ.

ಬೆಲೆ ಏರಿಕೆಯ ವಿಷಯದಲ್ಲೂ ಈ ಪ್ರಮಾಣಗಳನ್ನು ನೆನಪಿಡಬೇಕು. 2024ರ ಆರಂಭದಲ್ಲಿ ಬೆಳ್ಳುಳ್ಳಿ ಕೆಜಿಗೆ 400 ರೂಪಾಯಿ ದಾಟಿ ದೊಡ್ಡ ಸುದ್ದಿಯಾಯಿತು. ನಮ್ಮ ಹಂಡೆಗೆ ಬೇಕಾದ ಬೆಳ್ಳುಳ್ಳಿ 350 ಗ್ರಾಂ. 200 ಇದ್ದ ದರ 400 ಆದರೂ ದೊನ್ನೆಗೆ ಬೀಳುವ ಹೊರೆ ಎರಡು ರೂಪಾಯಿಗೂ ಕಡಿಮೆ. ಅದೇ ಕೋಳಿ ಕೆಜಿಗೆ 240ರಿಂದ 280 ಆದರೆ ಯಾರೂ ಸುದ್ದಿ ಮಾಡುವುದಿಲ್ಲ, ಆದರೆ ದೊನ್ನೆಗೆ 6 ರೂಪಾಯಿ ಹೋಗುತ್ತದೆ. ಉಳಿಕೆ 55ರಿಂದ 49ಕ್ಕೆ ಇಳಿದು, ದಿನಕ್ಕೆ 60 ದೊನ್ನೆ ಮಾರಬೇಕಾಗುತ್ತದೆ. ಆದ್ದರಿಂದ ಕೋಳಿ, ಮಟನ್, ಅಕ್ಕಿ, ಎಣ್ಣೆಯ ದರವನ್ನು ವಾರಕ್ಕೊಮ್ಮೆ ಚೀಟಿಯಲ್ಲಿ ತಿದ್ದಬೇಕು. ಉಳಿದ ಸಾಮಾನಿನ ದರವನ್ನು ತಿಂಗಳಿಗೊಮ್ಮೆ ತಿದ್ದಿದರೆ ಸಾಕು.

ಈ ಪದ್ಧತಿಗೂ ಮಿತಿಯಿದೆ. 60 ರೂಪಾಯಿ ಕೈಗೆ ಬರುತ್ತದೆ ಎಂಬುದು ಇಲ್ಲಿ ಹಿಡಿದ ಕಮಿಷನ್, ರಿಯಾಯಿತಿ, ಜಾಹೀರಾತಿಗೆ ಮಾತ್ರ ಸರಿ. ಒಪ್ಪಂದ ಬದಲಾದರೆ ಆ ಅಂಕಿಯೂ ಬದಲಾಗುತ್ತದೆ. ಬೆಲೆ ಏರಿಸಿದರೆ ಎಷ್ಟು ಗ್ರಾಹಕರು ಪಕ್ಕದ ಬಿರಿಯಾನಿಯವರ ಕಡೆಗೆ ಹೋಗುತ್ತಾರೆ ಎಂಬುದನ್ನು ಯಾವ ಚೀಟಿಯೂ ಹೇಳುವುದಿಲ್ಲ, ಅದನ್ನು ಮಾರಿಯೇ ತಿಳಿಯಬೇಕು. ಅಕ್ಕಪಕ್ಕದವರು ಇದೇ ದೊನ್ನೆಯನ್ನು 199ಕ್ಕೆ ಮಾರುತ್ತಿದ್ದರೆ, ಬೆಲೆ ಇಳಿಸಿ ಅವರ ಜೊತೆ ಓಡುವುದಕ್ಕಿಂತ ಆ ಬಡಾವಣೆಯಲ್ಲಿ ಬಿರಿಯಾನಿ ಬೇಡ ಎಂದು ನಿರ್ಧರಿಸುವುದೇ ಯೋಜನೆಯ ಅತ್ಯುತ್ತಮ ಫಲ ಆಗಬಹುದು.

ಕ್ಲೌಡ್ ಕಿಚನ್ ತೆರೆಯಬೇಕೆಂದಿರುವವರು ಮಳಿಗೆಗೆ ಮುಂಗಡ ಕೊಡುವ ಮೊದಲು ಮೂರು ಕೆಲಸ ಮಾಡಲಿ. ಮನೆಯಲ್ಲೇ ಒಂದು ಹಂಡೆ ಪೂರ್ತಿ ಬೇಯಿಸಿ, ಹಾಕಿದ ಪ್ರತಿ ಸಾಮಾನನ್ನೂ, ಬಂದ ಪ್ರತಿ ದೊನ್ನೆಯನ್ನೂ ತೂಗಿ ಬರೆಯಲಿ. ಈಗಾಗಲೇ ಕಿಚನ್ ನಡೆಸುತ್ತಿರುವ ಪರಿಚಿತರಿಂದ ಒಂದು ವಾರದ ಪಾವತಿ ವಿವರ ಕೇಳಿ ಪಡೆದು, 100 ರೂಪಾಯಿಯಲ್ಲಿ ಎಷ್ಟು ಕೈಗೆ ಬರುತ್ತದೆ ಎಂದು ನೋಡಲಿ. ಆಮೇಲೆ ದೊನ್ನೆಗೆ ಉಳಿಯುವ ರೂಪಾಯಿಯಿಂದ ತಿಂಗಳ ಖರ್ಚನ್ನು ಭಾಗಿಸಿ, ದಿನಕ್ಕೆ ಅಷ್ಟು ದೊನ್ನೆ ಆ ಬಡಾವಣೆಯಲ್ಲಿ ಮಾರಲು ಸಾಧ್ಯವೇ ಎಂದು ಕೇಳಿಕೊಳ್ಳಲಿ. ಸಾಧ್ಯವಿಲ್ಲ ಎನ್ನಿಸಿದರೆ ಆ ಮೆನುವಿನೊಂದಿಗೆ, ಆ ಬಾಡಿಗೆಗೆ ಮಳಿಗೆ ಹಿಡಿಯಬಾರದು.